ಇಪ್ಪತ್ತು ಚೌಕಗಳ ಒಂದು ಬಡಿತ: ಸಾಮಾನ್ಯ ಇಸಿಜಿಯನ್ನು ಅಲೆ ಅಲೆಯಾಗಿ ಓದುವ ಕ್ರಮ

ಇಸಿಜಿಯಲ್ಲಿ ಕಾಣುವ ಕಾಯಿಲೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡವರೂ ಎದುರಿಗೆ ಒಂದು ಸಾಮಾನ್ಯ ಇಸಿಜಿ ಇಟ್ಟು "ಈ ಅಲೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ತೋರಿಸಿ" ಎಂದರೆ ತಡವರಿಸುವುದುಂಟು. ಸಾಮಾನ್ಯ ಬಡಿತವನ್ನು ಚೌಕ ಎಣಿಸಿ ಅಳೆಯಲು ಬಾರದಿದ್ದರೆ ಯಾವುದು ಅಗಲವಾಗಿದೆ, ಯಾವುದು ಏರಿದೆ ಎಂದು ಹೇಳುವುದಾದರೂ ಹೇಗೆ? ಹಾಗಾಗಿ ಇಲ್ಲಿ ಒಂದೇ ಇಸಿಜಿಯನ್ನು ತೆಗೆದುಕೊಂಡು, ಅದರ ಒಂದೇ ಲೀಡಿನ ಒಂದು ಬಡಿತವನ್ನು ಎಡದಿಂದ ಬಲಕ್ಕೆ ಪೂರ್ತಿ ಅಳೆಯೋಣ. ಮಂಗಳೂರು, ಮಣಿಪಾಲ, ಉಡುಪಿಯ ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ವಿದ್ಯಾರ್ಥಿಗಳು, ಆರೋಗ್ಯ ಕೇಂದ್ರಗಳಲ್ಲಿ ಹೊಸದಾಗಿ ಯಂತ್ರ ಹಿಡಿದವರು, ತಮ್ಮದೇ ರಿಪೋರ್ಟಿನಲ್ಲಿ ಏನಿದೆ ಎಂದು ತಿಳಿಯಬೇಕೆನ್ನುವವರು, ಯಾರೇ ಆದರೂ ಒಂದು ಪೆನ್ನು ಮತ್ತು ಒಂದು ತುಂಡು ಬಿಳಿ ಕಾಗದ ಇಟ್ಟುಕೊಂಡು ಕೂತರೆ ಸಾಕು.

ನಮ್ಮ ಉದಾಹರಣೆ ಹೀಗಿದೆ ಎಂದಿಟ್ಟುಕೊಳ್ಳಿ. ಮಂಗಳೂರಿನ ದಕ್ಕೆಯಲ್ಲಿ ಮೀನು ವ್ಯಾಪಾರ ಮಾಡುವ 45 ವರ್ಷದ ಗಂಡಸು. ಹರ್ನಿಯಾ ಆಪರೇಷನ್‌ಗೆ ಮೊದಲು ವಾಡಿಕೆಯಂತೆ ಇಸಿಜಿ ತೆಗೆಸಿದ್ದಾರೆ. ಎದೆನೋವಿಲ್ಲ, ಉಬ್ಬಸವಿಲ್ಲ, ಬಿಪಿ, ಶುಗರ್ ಮಾತ್ರೆ ಯಾವುದೂ ಇಲ್ಲ.

ಮೊದಲು ಕಾಗದ, ಆಮೇಲೆ ಅಲೆ

ಇಸಿಜಿ ಕಾಗದದಲ್ಲಿ ಸಣ್ಣ ಚೌಕಗಳಿವೆ, ಐದೈದು ಸಣ್ಣ ಚೌಕಕ್ಕೆ ಒಂದು ದಪ್ಪ ಗೆರೆ ಇದೆ. ಸಣ್ಣ ಚೌಕದ ಅಳತೆ ಎರಡೂ ಕಡೆ 1 ಮಿಲಿಮೀಟರ್. ಅಡ್ಡಕ್ಕೆ ಹೋದರೆ ಸಮಯ, ಮೇಲಕ್ಕೆ ಹೋದರೆ ವಿದ್ಯುತ್ತಿನ ಪ್ರಮಾಣ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುವಾಗ ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡು, ಐದು ಚೌಕದ ಒಂದು ದೊಡ್ಡ ಚೌಕವೆಂದರೆ 0.20 ಸೆಕೆಂಡು. ಎತ್ತರದಲ್ಲಿ 10 ಸಣ್ಣ ಚೌಕಕ್ಕೆ 1 ಮಿಲಿವೋಲ್ಟ್.

ಈ ಲೆಕ್ಕವೆಲ್ಲ ನಿಂತಿರುವುದು ಯಂತ್ರದ ಸೆಟ್ಟಿಂಗ್ ಮೇಲೆ. ಆದ್ದರಿಂದ ಅಲೆಗಳನ್ನು ನೋಡುವ ಮೊದಲು ಕಾಗದದ ಅಂಚಿನಲ್ಲಿ `25 mm/s` ಮತ್ತು `10 mm/mV` ಎಂದು ಅಚ್ಚಾಗಿದೆಯೇ ನೋಡಿ. ಗೆರೆಯ ಆರಂಭದಲ್ಲೋ ಕೊನೆಯಲ್ಲೋ ಆಯತಾಕಾರದ ಒಂದು ಗುರುತೂ ಇರುತ್ತದೆ. ಅದು ಕ್ಯಾಲಿಬ್ರೇಷನ್ ಗುರುತು, ಸರಿಯಾಗಿ 10 ಸಣ್ಣ ಚೌಕ ಎತ್ತರ ಇರಬೇಕು. ಯಾರೋ ಹಿಂದಿನ ರೋಗಿಗೆಂದು ಅರ್ಧಕ್ಕೆ ಇಳಿಸಿ ಹಾಗೇ ಬಿಟ್ಟಿದ್ದರೆ ಗುರುತು 5 ಚೌಕ ಬರುತ್ತದೆ, ಎಲ್ಲ ಅಲೆಗಳೂ ಅರ್ಧ ಎತ್ತರಕ್ಕೆ ಕುಗ್ಗುತ್ತವೆ. ವೇಗ 50ಕ್ಕೆ ಹೋಗಿದ್ದರೆ ಎಲ್ಲವೂ ಅಡ್ಡಕ್ಕೆ ಎಳೆದಂತಾಗಿ, ನಾಡಿ ನಿಜವಾದುದರ ಅರ್ಧ ಇದ್ದಂತೆ ಲೆಕ್ಕ ಬರುತ್ತದೆ. ಕೈಯಲ್ಲಿ ನಾಡಿ 76 ಸಿಗುತ್ತಿದೆ, ಕಾಗದದಲ್ಲಿ 38 ಬರುತ್ತಿದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಕಾಗದದ ವೇಗವನ್ನು.

ನಮ್ಮ ಕರಾವಳಿಯಲ್ಲಿ ಈ ಅಂಚು ಇನ್ನೂ ಮುಖ್ಯ. ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ ಯೋಜನೆಯಿಂದಾಗಿ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೂ ಇಸಿಜಿ ಯಂತ್ರ ತಲುಪಿದೆ, ಅಲ್ಲಿ ತೆಗೆದ ಇಸಿಜಿಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ತಜ್ಞರಿಗೆ ಹೋಗುತ್ತದೆ. ಫೋಟೊ ಹೊಡೆಯುವಾಗ ಅಂಚು ಬಿಟ್ಟುಹೋದರೆ ಆಚೆ ಕೂತವರಿಗೆ ಅಳತೆಯ ಆಧಾರವೇ ಇಲ್ಲದಂತಾಗುತ್ತದೆ. ಫೋಟೊದಲ್ಲಿ ಸ್ಕೇಲ್ ಇಟ್ಟು ಅಳೆಯಬೇಡಿ, ಚೌಕಗಳನ್ನೇ ಎಣಿಸಿ. ಫೋಟೊ ಸ್ವಲ್ಪ ಓರೆಯಾಗಿದ್ದರೆ ಅಲೆಯ ಜೊತೆ ಚೌಕವೂ ಓರೆಯಾಗಿರುತ್ತದೆ, ಹಾಗಾಗಿ ಎಣಿಕೆ ಕೆಡುವುದಿಲ್ಲ.

ಲೀಡ್ ಎರಡರಿಂದಲೇ ಏಕೆ ಶುರು ಮಾಡಬೇಕು

ಸಾಮಾನ್ಯವಾಗಿ ಹಾಳೆಯ ಕೆಳಗೆ ಉದ್ದಕ್ಕೆ ಒಂದು ಗೆರೆ ಇರುತ್ತದೆ, ಅದರ ಪಕ್ಕ `II` ಎಂದು ಅಚ್ಚಾಗಿರುತ್ತದೆ. ಇದು ಲೀಡ್ ಎರಡು. ಬಲಗೈ ಮತ್ತು ಎಡಗಾಲಿನ ನಡುವಿನ ವ್ಯತ್ಯಾಸವನ್ನು ತೋರಿಸುವ ಗೆರೆ ಇದು, ನೋಟ ಎಡಗಾಲಿನ ಕಡೆಯಿಂದ. ಲೀಡ್ ಎಂದರೆ ವೈರ್ ಎಂದುಕೊಳ್ಳುವವರು ಬಹಳ. ಮೈಗೆ ಹಾಕುವ ವೈರ್ ಹತ್ತು, ಕಾಗದದಲ್ಲಿ ಬರುವ ಲೀಡ್ ಹನ್ನೆರಡು. ಲೀಡ್ ಎಂದರೆ ಹೃದಯವನ್ನು ನೋಡುವ ಒಂದು ದಿಕ್ಕು ಅಷ್ಟೇ.

ದಿಕ್ಕಿನ ನಿಯಮ ಒಂದೇ. ಹೃದಯದೊಳಗೆ ಹರಡುತ್ತಿರುವ ವಿದ್ಯುತ್ ಪ್ರಚೋದನೆ ಆ ಲೀಡಿನ ಕಡೆಗೆ ಬರುತ್ತಿದ್ದರೆ ಗೆರೆ ಮೇಲಕ್ಕೇರುತ್ತದೆ, ದೂರ ಹೋಗುತ್ತಿದ್ದರೆ ಕೆಳಗಿಳಿಯುತ್ತದೆ. ಉಡುಪಿಯಿಂದ ಮಂಗಳೂರಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸನ್ನು ನೆನೆಯಿರಿ. ಸ್ಟೇಟ್‌ಬ್ಯಾಂಕಿನಲ್ಲಿ ನಿಂತವರಿಗೆ ಅದು ಹತ್ತಿರ ಬರುತ್ತಿದೆ, ಉಡುಪಿಯಲ್ಲಿ ನಿಂತವರಿಗೆ ದೂರ ಹೋಗುತ್ತಿದೆ, ಮೂಲ್ಕಿಯಲ್ಲಿ ನಿಂತವರಿಗೆ ಮೊದಲು ಬಂದು ಆಮೇಲೆ ಹೋಗುತ್ತದೆ. ಬಸ್ಸು ಒಂದೇ, ನಿಂತ ಜಾಗ ಬೇರೆ. ಹೃದಯದಲ್ಲಿ ಪ್ರಚೋದನೆ ಬಲ ಮೇಲ್ಭಾಗದಲ್ಲಿ ಹುಟ್ಟಿ ಎಡ ಕೆಳಭಾಗದ ಕಡೆ ಸಾಗುತ್ತದೆ. ಲೀಡ್ ಎರಡರ ದಿಕ್ಕೂ ಹೆಚ್ಚು ಕಡಿಮೆ ಅದೇ. ಆದ್ದರಿಂದ ಅದರಲ್ಲಿ ಒಂದು ಬಡಿತದ ಪಿ, ಆರ್, ಟಿ ಎಂಬ ಮೂರು ಅಲೆಗಳೂ ಮೇಲ್ಮುಖವಾಗಿ, ಸ್ಪಷ್ಟವಾಗಿ ಕಾಣುತ್ತವೆ. ಬಲ ಭುಜದ ಕಡೆಯಿಂದ ನೋಡುವ ಎವಿಆರ್ ಲೀಡಿನಲ್ಲಿ ಇವೇ ಮೂರು ತಲೆಕೆಳಗಾಗುತ್ತವೆ. ಅದು ಕಾಯಿಲೆಯಲ್ಲ, ಅಲ್ಲಿ ಹಾಗೇ ಇರಬೇಕು.

ಬಡಿತದಿಂದ ಬಡಿತಕ್ಕೆ ಎಷ್ಟು ದೂರ

ಚೂಪಾಗಿ ಮೇಲೆದ್ದ ಆರ್ ತುದಿಗಳನ್ನು ಗುರುತಿಸಿ. ಬಿಳಿ ಕಾಗದದ ಅಂಚನ್ನು ಗೆರೆಯ ಕೆಳಗಿಟ್ಟು ಒಂದರ ಪಕ್ಕ ಒಂದಿರುವ ಎರಡು ಆರ್ ತುದಿಗಳಿಗೆ ಪೆನ್ನಿನಿಂದ ಚುಕ್ಕೆ ಹಾಕಿ. ಈಗ ಕಾಗದವನ್ನು ಮುಂದಕ್ಕೆ ಸರಿಸುತ್ತಾ ಹೋಗಿ. ಪ್ರತಿ ಜೋಡಿಯ ಮೇಲೂ ಚುಕ್ಕೆಗಳು ಸರಿಯಾಗಿ ಕೂತರೆ ಲಯ ಸಮವಾಗಿದೆ. ನಮ್ಮ ಉದಾಹರಣೆಯಲ್ಲಿ ಚುಕ್ಕೆಗಳ ನಡುವೆ 20 ಸಣ್ಣ ಚೌಕ, ಅಂದರೆ 0.80 ಸೆಕೆಂಡು. ಒಂದು ನಿಮಿಷದಲ್ಲಿ 1500 ಸಣ್ಣ ಚೌಕ ಓಡುವುದರಿಂದ:

```
1500 ÷ 20 = 75
```

ನಿಮಿಷಕ್ಕೆ 75 ಬಡಿತ. ವಯಸ್ಕರಿಗೆ 60ರಿಂದ 100 ಸಾಮಾನ್ಯ. ಹಾಳೆಯ ಕೆಳಗಿನ ಉದ್ದ ಗೆರೆ 10 ಸೆಕೆಂಡಿನದಾಗಿದ್ದರೆ, ಅಂದರೆ 50 ದೊಡ್ಡ ಚೌಕವಿದ್ದರೆ, ಅದರಲ್ಲಿರುವ ಆರ್‌ಗಳನ್ನು ಎಣಿಸಿ 6ರಿಂದ ಗುಣಿಸಿದರೂ ಆಯಿತು. ನಮ್ಮ ಕಾಗದದಲ್ಲಿ 12 ಅಥವಾ 13 ಸಿಗುತ್ತದೆ, ಲೆಕ್ಕ 72 ಅಥವಾ 78. ಎರಡು ವಿಧಾನಗಳಲ್ಲಿ ಇಷ್ಟು ವ್ಯತ್ಯಾಸ ಸಹಜ. ಲಯ ಏರುಪೇರಾಗಿದ್ದರೆ ಮಾತ್ರ ಎರಡನೆಯ ವಿಧಾನವೇ ಸರಿ, ಏಕೆಂದರೆ ಆಗ ಒಂದು ಜೋಡಿಯ ದೂರದಿಂದ ಏನೂ ಹೇಳಲಾಗದು.

ಹದಿಹರೆಯದವರಲ್ಲಿ, ಯುವಕರಲ್ಲಿ ಉಸಿರೆಳೆದಾಗ ಆರ್‌ಗಳು ಸ್ವಲ್ಪ ಹತ್ತಿರವಾಗಿ, ಬಿಟ್ಟಾಗ ದೂರವಾಗುವುದುಂಟು. ಪ್ರತಿ ಬಡಿತದಲ್ಲೂ ಪಿ ಒಂದೇ ಆಕಾರದಲ್ಲಿದ್ದರೆ ಇದು ಆರೋಗ್ಯದ ಲಕ್ಷಣವೇ.

ಈಗ ಆ 20 ಚೌಕಗಳೊಳಗೆ ಏನೇನಾಗುತ್ತದೆ ನೋಡೋಣ.

ಪಿ ಅಲೆ: ಮೇಲಿನ ಕೋಣೆಗಳು

ನೆಟ್ಟಗಿನ ಗೆರೆಯಿಂದ ಮೊದಲು ಏಳುವ ಸಣ್ಣ, ದುಂಡನೆಯ ಉಬ್ಬು ಪಿ. ಪ್ರಚೋದನೆ ಹುಟ್ಟುವುದು ಬಲ ಹೃತ್ಕರ್ಣದ ಮೇಲ್ಭಾಗದ ಸೈನಸ್ ನೋಡ್‌ನಲ್ಲಿ. ಆ ನೋಡ್ ತೀರಾ ಚಿಕ್ಕದಾದ್ದರಿಂದ ಅದರ ವಿದ್ಯುತ್ತು ಚರ್ಮದ ಮೇಲಿನ ಎಲೆಕ್ಟ್ರೋಡಿಗೆ ತಲುಪುವುದೇ ಇಲ್ಲ. ಪಿ ಕಾಣಿಸಿಕೊಳ್ಳುವ ಹೊತ್ತಿಗೆ ನೋಡ್ ತನ್ನ ಕೆಲಸ ಮುಗಿಸಿ, ಪ್ರಚೋದನೆ ಹೃತ್ಕರ್ಣಗಳ ಸ್ನಾಯುವಿಗೆ ಹಬ್ಬಿರುತ್ತದೆ. ಉಬ್ಬಿನ ಮೊದಲ ಭಾಗ ಬಲ ಹೃತ್ಕರ್ಣದ್ದು, ಕೊನೆಯ ಭಾಗ ಎಡದ್ದು, ನಡುವೆ ಎರಡೂ ಸೇರಿಕೊಂಡಿರುತ್ತವೆ.

ಅಗಲ 3 ಸಣ್ಣ ಚೌಕಕ್ಕಿಂತ ಕಡಿಮೆ ಇರಬೇಕು, ಎತ್ತರ ಎರಡೂವರೆ ಚೌಕ ಮೀರಬಾರದು. ನಮ್ಮದರಲ್ಲಿ ಅಗಲ ಎರಡೂವರೆ ಚೌಕ, ಎತ್ತರ ಒಂದೂವರೆ. ಅಳತೆಗಿಂತ ಮುಖ್ಯವಾದ ಪ್ರಶ್ನೆಗಳು ಮೂರು. ಲೀಡ್ ಎರಡರಲ್ಲಿ ಪಿ ಮೇಲ್ಮುಖವಾಗಿದೆಯೇ? ಆರ್ ತುದಿ ಇರುವ ಚೂಪು ಭಾಗಕ್ಕೆ ಕ್ಯೂಆರ್‌ಎಸ್ ಎಂದು ಹೆಸರು, ಪ್ರತಿ ಕ್ಯೂಆರ್‌ಎಸ್‌ಗೆ ಮೊದಲು ಒಂದು ಪಿ ಇದೆಯೇ? ಪ್ರತಿ ಪಿ ಆದ ಮೇಲೆ ಒಂದು ಕ್ಯೂಆರ್‌ಎಸ್ ಬಂದಿದೆಯೇ? ಮೂರಕ್ಕೂ ಹೌದು ಎಂದಾದರೆ ಬಡಿತ ಸೈನಸ್ ನೋಡ್‌ನಿಂದಲೇ ಹೊರಟಿದೆ ಎನ್ನಬಹುದು. ಯಂತ್ರ ಹಾಳೆಯ ಮೇಲೆ `Sinus rhythm` ಎಂದು ಬರೆಯುವುದು ಇದನ್ನೇ. ಯಂತ್ರ ಬರೆದಿದೆ ಎಂದು ನಂಬಿ ಬಿಡಬೇಡಿ, ಪಿಗಳ ಮೇಲೆ ಒಂದೊಂದಾಗಿ ಪೆನ್ನಿಟ್ಟು ನೋಡಿ. ಸಣ್ಣ ಪಿಗಳು ಕಾಣದೇ ಹೋಗಿ ಯಂತ್ರ ತಪ್ಪು ಬರೆಯುವುದು ಅಪರೂಪವಲ್ಲ.

ಪಿಆರ್ ಅಂತರ: ಬೇಕೆಂದೇ ಮಾಡುವ ತಡ

ಪಿ ಮುಗಿದ ಮೇಲೆ ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗುತ್ತದೆ. ಹೊಸಬರು ಇದನ್ನು ಏನೂ ನಡೆಯದ ಜಾಗ ಎಂದುಕೊಂಡು ದಾಟಿಬಿಡುತ್ತಾರೆ. ಈ ಹೊತ್ತಿನಲ್ಲಿ ಪ್ರಚೋದನೆ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಎವಿ ನೋಡ್‌ನಲ್ಲಿ ನಿಧಾನವಾಗಿ ಸಾಗುತ್ತಿರುತ್ತದೆ, ಆಮೇಲೆ ಹಿಸ್ ಬಂಡಲ್ ಮತ್ತು ಅದರ ಕವಲುಗಳಲ್ಲಿ ಇಳಿಯುತ್ತಿರುತ್ತದೆ. ಆ ಅಂಗಾಂಶ ಬಹಳ ಕಿರಿದು, ಅದರ ಸದ್ದು ಚರ್ಮದವರೆಗೆ ಬರುವುದಿಲ್ಲ. ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವೆ ವಿದ್ಯುತ್ತು ಹರಿಯಬಲ್ಲ ದಾರಿ ಸಾಮಾನ್ಯ ಹೃದಯದಲ್ಲಿ ಇದೊಂದೇ. ಇಲ್ಲಿ ತಡವಾಗುವುದರಿಂದಲೇ ಮೇಲಿನ ಕೋಣೆಗಳು ಕುಗ್ಗಿ ತಮ್ಮಲ್ಲಿರುವ ರಕ್ತವನ್ನು ಕೆಳಗೆ ತಳ್ಳಲು ಸಮಯ ಸಿಗುತ್ತದೆ. ತಡವಿಲ್ಲದಿದ್ದರೆ ತುಂಬುವ ಮೊದಲೇ ಹೃತ್ಕುಕ್ಷಿ ಕುಗ್ಗಿಬಿಡುತ್ತಿತ್ತು.

ಅಳೆಯುವುದು ಪಿ ಶುರುವಾದಲ್ಲಿಂದ ಕ್ಯೂಆರ್‌ಎಸ್ ಶುರುವಾಗುವವರೆಗೆ. ಪಿ ಮುಗಿದಲ್ಲಿಂದ ಎಣಿಸುವುದು ಅತಿ ಸಾಮಾನ್ಯ ತಪ್ಪು. ಇನ್ನೊಂದು ತಪ್ಪು ಆರ್ ತುದಿಯವರೆಗೆ ಎಣಿಸುವುದು. ಹೆಸರಿನಲ್ಲಿ ಆರ್ ಇದ್ದರೂ ಕ್ಯೂಆರ್‌ಎಸ್‌ನ ಮೊದಲ ಕದಲಿಕೆ, ಅದು ಕ್ಯೂ ಆಗಲಿ ಆರ್ ಆಗಲಿ, ಅಲ್ಲಿಗೆ ನಿಲ್ಲಿಸಬೇಕು. ಸಾಮಾನ್ಯ ಅಳತೆ 3ರಿಂದ 5 ಸಣ್ಣ ಚೌಕ, ಅಂದರೆ 0.12ರಿಂದ 0.20 ಸೆಕೆಂಡು. ನಮ್ಮ ಉದಾಹರಣೆಯಲ್ಲಿ 4 ಚೌಕ, 0.16 ಸೆಕೆಂಡು. ಯಂತ್ರ ಇದನ್ನೇ `PR 160 ms` ಎಂದು ಅಚ್ಚು ಹಾಕುತ್ತದೆ, ಸೆಕೆಂಡನ್ನು ಸಾವಿರದಿಂದ ಗುಣಿಸಿದರೆ ಆ ಲೆಕ್ಕ.

ಇಪ್ಪತ್ತರಲ್ಲಿ 4 ಚೌಕ ಆಯಿತು.

ಕ್ಯೂಆರ್‌ಎಸ್: ಕೆಳಗಿನ ಕೋಣೆಗಳು

ಕಣ್ಣಿಗೆ ಮೊದಲು ಬೀಳುವ ಚೂಪು ಭಾಗ ಇದು. ಹೃತ್ಕುಕ್ಷಿಗಳ ದಪ್ಪ ಸ್ನಾಯುವಿಗೆ ಪ್ರಚೋದನೆ ಹಬ್ಬುವ ಗುರುತು. ಸ್ನಾಯು ಹೆಚ್ಚಿರುವುದರಿಂದ ಎತ್ತರ ಹೆಚ್ಚು. ಆದರೆ ಅಷ್ಟು ಸ್ನಾಯುವಿದ್ದರೂ ಅಗಲ ಪಿಗಿಂತ ಕಡಿಮೆ ಏಕೆ? ಹೃತ್ಕುಕ್ಷಿಯ ಒಳಗೋಡೆಯಲ್ಲಿ ಪರ್ಕಿಂಜೆ ಎಳೆಗಳ ಜಾಲವಿದೆ, ಅದು ಪ್ರಚೋದನೆಯನ್ನು ಎರಡೂ ಕೋಣೆಗಳ ಮೂಲೆಮೂಲೆಗೆ ಬಹುತೇಕ ಒಟ್ಟಿಗೇ ತಲುಪಿಸುತ್ತದೆ. ಹೃತ್ಕರ್ಣದಲ್ಲಿ ಅಂಥ ವೇಗದ ಜಾಲವಿಲ್ಲ. ಕ್ಯೂಆರ್‌ಎಸ್ 3 ಸಣ್ಣ ಚೌಕ ಅಥವಾ ಅದಕ್ಕಿಂತ ಅಗಲವಾದರೆ ಪ್ರಚೋದನೆ ಈ ವೇಗದ ದಾರಿ ಬಿಟ್ಟು ಸ್ನಾಯುವಿನಿಂದ ಸ್ನಾಯುವಿಗೆ ನಿಧಾನವಾಗಿ ಹಬ್ಬುತ್ತಿದೆ ಎಂದು ಸಂಶಯಪಡುವುದು ಇದೇ ಕಾರಣಕ್ಕೆ. ಹಿಸ್ ಬಂಡಲ್‌ನ ಒಂದು ಕವಲಿನ ದಾರಿ ಕಟ್ಟಿಹೋಗುವ ಬಂಡಲ್ ಬ್ರಾಂಚ್ ಬ್ಲಾಕ್ ಅದಕ್ಕೊಂದು ಉದಾಹರಣೆ.

ಹೆಸರಿಡುವ ಕ್ರಮ ಸರಳ. ಮೊದಲ ಮೇಲ್ಮುಖ ಗೆರೆ ಆರ್. ಅದಕ್ಕೂ ಮೊದಲು ಕೆಳಗಿಳಿದಿದ್ದರೆ ಅದು ಕ್ಯೂ. ಆರ್ ಆದ ಮೇಲೆ ಮೂಲರೇಖೆಗಿಂತ ಕೆಳಗಿಳಿದರೆ ಅದು ಎಸ್. ಎಲ್ಲ ಲೀಡಿನಲ್ಲೂ ಮೂರೂ ಇರಬೇಕೆಂದಿಲ್ಲ, ಇಲ್ಲದಿದ್ದರೂ ಇಡೀ ಗುಂಪನ್ನು ಕ್ಯೂಆರ್‌ಎಸ್ ಎಂದೇ ಕರೆಯುತ್ತಾರೆ. ಪಿಯಿಂದ ಟಿವರೆಗಿನ ಈ ಅಕ್ಷರಗಳನ್ನು ಕೊಟ್ಟವರು ಡಚ್ ವಿಜ್ಞಾನಿ ವಿಲ್ಲೆಮ್ ಐಂಥೋವನ್, ಇಸಿಜಿಯ ಕೆಲಸಕ್ಕೆ ಅವರಿಗೆ 1924ರ ನೊಬೆಲ್ ಬಂತು.

ಮೂರು ಭಾಗಗಳಿಗೂ ಒಂದೊಂದು ಜಾಗವಿದೆ. ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಗೆ ಪ್ರಚೋದನೆ ಮೊದಲು ತಲುಪುತ್ತದೆ, ಅದೂ ಎಡದಿಂದ ಬಲಕ್ಕೆ. ಎಡಬದಿಯಿಂದ ನೋಡುವ ಲೀಡ್ ಒಂದು ಮತ್ತು ಎದೆಯ ಲೀಡುಗಳಾದ ವಿ5, ವಿ6ರಲ್ಲಿ ಅದು ದೂರ ಹೋದಂತೆ ಕಾಣುವುದರಿಂದ ಪುಟ್ಟ ಕ್ಯೂ ಮೂಡುತ್ತದೆ. ಅಗಲ ಒಂದು ಸಣ್ಣ ಚೌಕಕ್ಕಿಂತ ಕಡಿಮೆ, ಆಳ ಆ ಆರ್‌ನ ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಅದು ಸಹಜ ಕ್ಯೂ. ಅದನ್ನು ಕಂಡು ಹಳೆಯ ಹಾರ್ಟ್ ಅಟ್ಯಾಕ್ ಎಂದು ಹೆದರಬೇಕಿಲ್ಲ. ಆಮೇಲೆ ಎರಡೂ ಹೃತ್ಕುಕ್ಷಿಗಳ ಮುಖ್ಯ ಗೋಡೆ. ಎಡದ್ದು ಬಹಳ ದಪ್ಪವಾದ್ದರಿಂದ ಒಟ್ಟು ದಿಕ್ಕು ಎಡಕ್ಕೇ ವಾಲಿ ಆರ್ ಎತ್ತರಕ್ಕೇಳುತ್ತದೆ. ಕೊನೆಗೆ ಹೃತ್ಕುಕ್ಷಿಗಳ ಮೇಲಂಚು, ಅದು ಎಸ್. ನಮ್ಮ ಲೀಡ್ ಎರಡರಲ್ಲಿ ಕ್ಯೂ ಇಲ್ಲ, ಆರ್ 10 ಚೌಕ ಎತ್ತರ, ಚಿಕ್ಕ ಎಸ್ ಇದೆ, ಒಟ್ಟು ಅಗಲ 2 ಚೌಕ, 0.08 ಸೆಕೆಂಡು.

ಇದೇ ಹೊತ್ತಿನಲ್ಲಿ ಹೃತ್ಕರ್ಣಗಳು ಮತ್ತೆ ತಮ್ಮ ಮೊದಲಿನ ಸ್ಥಿತಿಗೆ ಮರಳುತ್ತಿರುತ್ತವೆ. ಆ ಅಲೆ ಬಹಳ ಚಿಕ್ಕದು, ಹೆಚ್ಚಾಗಿ ಕ್ಯೂಆರ್‌ಎಸ್‌ನ ಅಡಿಯಲ್ಲೇ ಮುಚ್ಚಿಹೋಗುತ್ತದೆ. ಹಾಗಾಗಿ ಸಾಮಾನ್ಯ ಇಸಿಜಿಯಲ್ಲಿ ಅದನ್ನು ಬೇರೆಯಾಗಿ ಗುರುತಿಸುವುದಿಲ್ಲ.

ಒಂದು ಮಾತು ಇಲ್ಲಿ ನೆನಪಿರಲಿ. ಇಸಿಜಿ ತೋರಿಸುವುದು ವಿದ್ಯುತ್ತನ್ನು, ಸ್ನಾಯು ಕುಗ್ಗುವುದನ್ನಲ್ಲ. ಕುಗ್ಗುವಿಕೆ ಪ್ರಚೋದನೆಯ ಹಿಂದೆ ಸ್ವಲ್ಪ ತಡವಾಗಿ ಬರುತ್ತದೆ. ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತಿದೆ ಎಂಬುದನ್ನು ಆರ್‌ನ ಎತ್ತರ ನೋಡಿ ಹೇಳಲಾಗದು, ಅದಕ್ಕೆ ಎಕೋ ಬೇಕು.

ಎಸ್‌ಟಿ: ಸಮತಟ್ಟು ಇರಲೇಬೇಕಾದ ಜಾಗ

ಕ್ಯೂಆರ್‌ಎಸ್ ಮುಗಿದು ಗೆರೆ ತಿರುಗುವ ಬಿಂದುವಿಗೆ ಜೆ ಪಾಯಿಂಟ್ ಎನ್ನುತ್ತಾರೆ. ಅಲ್ಲಿಂದ ಟಿ ಏಳುವವರೆಗೆ ಎಸ್‌ಟಿ. ಈ ಹೊತ್ತಿನಲ್ಲಿ ಹೃತ್ಕುಕ್ಷಿಯ ಸ್ನಾಯು ಪೂರ್ತಿ ಪ್ರಚೋದನೆಗೊಂಡಿರುತ್ತದೆ, ಕುಗ್ಗಿ ರಕ್ತ ಹೊರದಬ್ಬುತ್ತಿರುತ್ತದೆ. ಎಲ್ಲ ಭಾಗವೂ ಒಂದೇ ಸ್ಥಿತಿಯಲ್ಲಿರುವಾಗ ಒಂದು ಕಡೆಗೂ ಇನ್ನೊಂದು ಕಡೆಗೂ ವಿದ್ಯುತ್ ವ್ಯತ್ಯಾಸವಿಲ್ಲ, ವ್ಯತ್ಯಾಸವಿಲ್ಲದಿದ್ದರೆ ಗೆರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ರಕ್ತನಾಳ ಕಟ್ಟಿಕೊಂಡು ಒಂದು ಭಾಗದ ಸ್ನಾಯುವಿಗೆ ರಕ್ತ ಸಿಗದಾದಾಗ ಆ ಭಾಗ ಉಳಿದವುಗಳಂತೆ ವರ್ತಿಸುವುದಿಲ್ಲ. ಆಗ ಇದೇ ಜಾಗ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ.

ಸಮತಟ್ಟು ಎನ್ನುವುದಕ್ಕೆ ಹೋಲಿಕೆ ಯಾವುದು? ಟಿ ಮುಗಿದಲ್ಲಿಂದ ಮುಂದಿನ ಪಿವರೆಗಿನ ನೆಟ್ಟಗಿನ ತುಂಡು, ಅಂದರೆ ಟಿಪಿ. ಬಿಳಿ ಕಾಗದದ ಅಂಚನ್ನು ಹಿಂದಿನ ಮತ್ತು ಮುಂದಿನ ಟಿಪಿಗಳ ಮೇಲೆ ಕೂರಿಸಿ ಜೆ ಪಾಯಿಂಟ್ ಎಲ್ಲಿದೆ ನೋಡಿ. ನಮ್ಮದರಲ್ಲಿ ಅಂಚಿನ ಮೇಲೆಯೇ ಇದೆ. ಕೈಕಾಲಿನ ಲೀಡುಗಳಲ್ಲಿ ಅಕ್ಕಪಕ್ಕದ ಎರಡರಲ್ಲಿ 1 ಚೌಕ ಅಥವಾ ಅದಕ್ಕಿಂತ ಹೆಚ್ಚು ಏರಿದ್ದರೆ ತಕ್ಷಣ ವೈದ್ಯರಿಗೆ ತೋರಿಸಬೇಕು. ವಿ2, ವಿ3ರಲ್ಲಿ ಮಾತ್ರ ಆರೋಗ್ಯವಂತರಲ್ಲೂ, ಅದರಲ್ಲೂ ಯುವಕರಲ್ಲಿ, ಸ್ವಲ್ಪ ಏರಿಕೆ ಇರುವುದುಂಟು. ಆದ್ದರಿಂದ ಅಲ್ಲಿನ ಮಿತಿ ಬೇರೆ, ಅದು ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ.

ಟಿ ಅಲೆ ಮತ್ತು ಕ್ಯೂಟಿ

ಟಿ ಎಂದರೆ ಹೃತ್ಕುಕ್ಷಿಗಳು ಮುಂದಿನ ಬಡಿತಕ್ಕಾಗಿ ಮತ್ತೆ ಸಜ್ಜಾಗುವುದು. ಪ್ರಚೋದನೆಗೊಳ್ಳುವುದು ಮತ್ತು ಮರಳುವುದು ಒಂದಕ್ಕೊಂದು ವಿರುದ್ಧ ಕ್ರಿಯೆಗಳು. ಹಾಗಿದ್ದರೆ ಆರ್ ಮೇಲಿರುವಾಗ ಟಿ ಕೆಳಗಿರಬೇಕಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ಕ್ರಮದಲ್ಲಿದೆ. ಪ್ರಚೋದನೆ ಒಳಗೋಡೆಯಿಂದ ಹೊರಕ್ಕೆ ಹಬ್ಬುತ್ತದೆ, ಮರಳುವುದು ಮಾತ್ರ ಹೊರಗೋಡೆಯಲ್ಲಿ ಮೊದಲು ಶುರುವಾಗಿ ಒಳಕ್ಕೆ ಬರುತ್ತದೆ. ಕ್ರಿಯೆಯೂ ವಿರುದ್ಧ, ದಿಕ್ಕೂ ವಿರುದ್ಧ, ಹಾಗಾಗಿ ಟಿ ಸಹ ಮೇಲ್ಮುಖ. ಸಾಮಾನ್ಯವಾಗಿ ಆರ್ ದೊಡ್ಡದಾಗಿರುವ ಲೀಡಿನಲ್ಲಿ ಟಿ ಮೇಲಿರುವುದು ಈ ಕಾರಣದಿಂದ.

ಆಕಾರವನ್ನೂ ಗಮನಿಸಿ. ಸಾಮಾನ್ಯ ಟಿ ನಿಧಾನವಾಗಿ ಏರಿ ಬೇಗ ಇಳಿಯುತ್ತದೆ, ಎರಡು ಬದಿ ಸಮವಿರುವುದಿಲ್ಲ. ಸಮನಾಗಿ ಚೂಪಾಗಿ ಎದ್ದು ನಿಂತ ಟಿ ಕಂಡರೆ ರಕ್ತದ ಪೊಟ್ಯಾಷಿಯಂ ಹೆಚ್ಚಿರಬಹುದೇ ಎಂದು ಕೇಳಬೇಕಾಗುತ್ತದೆ. ವಿ1ರಲ್ಲಿ ಮತ್ತು ಲೀಡ್ ಮೂರರಲ್ಲಿ ಟಿ ತಲೆಕೆಳಗಾಗಿರುವುದು ಆರೋಗ್ಯವಂತರಲ್ಲೂ ಇದೆ.

ಕ್ಯೂಆರ್‌ಎಸ್‌ನ ಆರಂಭದಿಂದ ಟಿಯ ಅಂತ್ಯದವರೆಗಿನ ದೂರ ಕ್ಯೂಟಿ. ಹೃತ್ಕುಕ್ಷಿಯ ವಿದ್ಯುತ್ ಕೆಲಸ ಪೂರ್ತಿ ಇದರೊಳಗೆ ಮುಗಿಯುತ್ತದೆ. ಟಿಯ ಅಂತ್ಯ ಹಿಡಿಯುವುದೇ ಕಷ್ಟ, ಏಕೆಂದರೆ ಅದು ಮೂಲರೇಖೆಗೆ ಜಾರುತ್ತಾ ಸೇರುತ್ತದೆ. ಟಿಯ ಇಳಿಜಾರಿನ ಅತಿ ಕಡಿದಾದ ಭಾಗಕ್ಕೆ ತಾಗುವಂತೆ ಪೆನ್ನಿಂದ ನೇರ ಗೆರೆ ಎಳೆದು, ಅದು ಮೂಲರೇಖೆಯನ್ನು ಎಲ್ಲಿ ಮುಟ್ಟುತ್ತದೋ ಅದನ್ನೇ ಅಂತ್ಯವೆಂದು ಹಿಡಿಯಿರಿ. ನಮ್ಮದರಲ್ಲಿ ಕ್ಯೂಟಿ 9 ಚೌಕ, 0.36 ಸೆಕೆಂಡು. ಕ್ಯೂಆರ್‌ಎಸ್‌ಗೆ 2, ಎಸ್‌ಟಿಗೆ ಸುಮಾರು 3, ಟಿಗೆ ಸುಮಾರು 4.

ನಾಡಿ ವೇಗವಾದಂತೆ ಕ್ಯೂಟಿ ಚಿಕ್ಕದಾಗುತ್ತದೆ. ಅದಕ್ಕಾಗಿ ಬ್ಯಾಜೆಟ್ ಎಂಬ ವಿಜ್ಞಾನಿಯ ಸೂತ್ರದಲ್ಲಿ ಕ್ಯೂಟಿಯನ್ನು ಆರ್‌ನಿಂದ ಆರ್‌ಗಿರುವ ಸೆಕೆಂಡುಗಳ ವರ್ಗಮೂಲದಿಂದ ಭಾಗಿಸುತ್ತಾರೆ, ಸಿಗುವುದು ತಿದ್ದಿದ ಕ್ಯೂಟಿ, ಅಂದರೆ QTc:

```
QTc = 0.36 ÷ √0.80 = 0.36 ÷ 0.894 = 0.40
```

ಗಂಡಸರಲ್ಲಿ 0.45, ಹೆಂಗಸರಲ್ಲಿ 0.46 ಸೆಕೆಂಡಿನ ಒಳಗಿದ್ದರೆ ಸಾಮಾನ್ಯವೆಂದು ಹಿಡಿಯುತ್ತಾರೆ. ಕ್ಯಾಲ್ಕ್ಯುಲೇಟರ್ ಇಲ್ಲದಿದ್ದರೆ ಕಣ್ಣಳತೆಯ ಉಪಾಯವೊಂದಿದೆ. ಟಿಯ ಅಂತ್ಯ ಎರಡು ಆರ್‌ಗಳ ನಡುಭಾಗಕ್ಕಿಂತ ಮೊದಲೇ ಬಂದಿದೆಯೇ ನೋಡಿ. ನಮ್ಮಲ್ಲಿ ನಡುಭಾಗ 10ನೇ ಚೌಕ, ಟಿ ಅದಕ್ಕೂ ಮೊದಲೇ ಮುಗಿದಿದೆ. ನಾಡಿ 100ರ ಆಸುಪಾಸಿಗೆ ಹೋದರೆ ಈ ಉಪಾಯ ನಂಬಲು ಯೋಗ್ಯವಲ್ಲ.

4 ಮತ್ತು 9 ಸೇರಿ 13. ಉಳಿದ 7 ಚೌಕ ಟಿಪಿ, ಹೃದಯ ವಿರಾಮದಲ್ಲಿದ್ದು ಕೋಣೆಗಳು ರಕ್ತ ತುಂಬಿಕೊಳ್ಳುವ ಹೊತ್ತು. ನಾಡಿ ಏರಿದಾಗ ಹೆಚ್ಚು ಕಡಿತವಾಗುವುದು ಈ 7 ಚೌಕದಲ್ಲೇ. ಜ್ವರದಲ್ಲಿ ನಾಡಿ 140 ಆದರೆ ಪಿ ಹಿಂದಿನ ಟಿಯ ಮೇಲೆಯೇ ಹತ್ತಿ ಕೂತು ಹುಡುಕಲು ಕಷ್ಟವಾಗುವುದೂ ಇದರಿಂದಲೇ. ನಿಧಾನ ನಾಡಿಯಲ್ಲಿ ಟಿಯ ಬೆನ್ನಿಗೆ ವಿ2, ವಿ3ರಲ್ಲಿ ಪುಟ್ಟ ಯು ಅಲೆ ಕಾಣಬಹುದು, ಅದನ್ನು ಕ್ಯೂಟಿಗೆ ಸೇರಿಸಬಾರದು.

ಕೆಂಪು, ಹಳದಿ ಅದಲುಬದಲಾದಾಗ

ಒಂದು ಬಡಿತ ಅಳೆದ ಮೇಲೆ ಉಳಿದ ಲೀಡುಗಳ ಮೇಲೆ ಕಣ್ಣಾಡಿಸಿ. ಎದೆಯ ಲೀಡುಗಳಲ್ಲಿ ವಿ1ರಲ್ಲಿ ಚಿಕ್ಕ ಆರ್, ಆಳವಾದ ಎಸ್. ಮುಂದೆ ಹೋದಂತೆ ಆರ್ ಬೆಳೆದು ಎಸ್ ಕುಗ್ಗುತ್ತದೆ, ವಿ3, ವಿ4ರ ಹೊತ್ತಿಗೆ ಎರಡೂ ಸರಿಸಮವಾಗುತ್ತವೆ.

ಆಮೇಲೆ ಲೀಡ್ ಒಂದನ್ನು ನೋಡಿ. ಅಲ್ಲಿ ಪಿ, ಕ್ಯೂಆರ್‌ಎಸ್, ಟಿ ಮೂರೂ ತಲೆಕೆಳಗಾಗಿದ್ದು, ಎವಿಆರ್‌ನಲ್ಲಿ ಎಲ್ಲ ಮೇಲ್ಮುಖವಾಗಿದ್ದರೆ ಕಾಯಿಲೆಗಿಂತ ಮೊದಲು ಕ್ಲಿಪ್ ನೋಡಬೇಕು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಬಣ್ಣದ ಕ್ರಮದಲ್ಲಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಎದುರು ನಿಂತು ಹಾಕುವಾಗ ತನ್ನ ಬಲವನ್ನೇ ರೋಗಿಯ ಬಲ ಎಂದುಕೊಂಡು ಕೆಂಪು, ಹಳದಿ ತಪ್ಪಿಹೋಗುತ್ತದೆ. ಹೃದಯ ನಿಜವಾಗಿಯೂ ಬಲಗಡೆ ಇರುವವರಲ್ಲೂ ಲೀಡ್ ಒಂದು ಹೀಗೇ ಕಾಣುತ್ತದೆ, ಆದರೆ ಅವರಲ್ಲಿ ವಿ1ರಿಂದ ವಿ6ಕ್ಕೆ ಹೋದಂತೆ ಆರ್ ಕುಗ್ಗುತ್ತದೆ. ಎದೆಯ ಲೀಡುಗಳು ಸರಿಯಿದ್ದರೆ ಕ್ಲಿಪ್‌ನದೇ ತಪ್ಪು, ಸರಿಪಡಿಸಿ ಮತ್ತೆ ತೆಗೆಯಿರಿ.

ಕರಾವಳಿಯ ಸೆಕೆ ತರುವ ತೊಂದರೆ ಇನ್ನೊಂದು. ಬೆವರು, ಮೈಗೆ ಹಚ್ಚಿದ ತೆಂಗಿನೆಣ್ಣೆ ಇವುಗಳಿಂದ ಎಲೆಕ್ಟ್ರೋಡ್ ಸರಿಯಾಗಿ ಕೂರದೆ ಗೆರೆ ಮೇಲೆ ಕೆಳಗೆ ತೇಲುತ್ತದೆ, ಎಸ್‌ಟಿ ಏರಿದಂತೆಯೋ ಇಳಿದಂತೆಯೋ ಕಾಣುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿ, ಒಣಗಿಸಿ, ಜೆಲ್ ಹಾಕಿ ಮತ್ತೆ ತೆಗೆಯಿರಿ. ಪಕ್ಕದ ಎರಡು ಎಲೆಕ್ಟ್ರೋಡ್‌ಗಳ ಜೆಲ್ ಒಂದಕ್ಕೊಂದು ತಾಗಬಾರದು. ಗೆರೆ ತೇಲದೆ, ಗರಗಸದ ಹಲ್ಲಿನಂತೆ ಒಂದೇ ಸಮ ದಪ್ಪವಾಗಿದ್ದರೆ ಒಂದು ದೊಡ್ಡ ಚೌಕದೊಳಗಿನ ಹಲ್ಲುಗಳನ್ನು ಎಣಿಸಿ. ಹತ್ತು ಇದ್ದರೆ ಅದು ಗೋಡೆಯ ಕರೆಂಟು, ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಬದಲಾಗುವುದರಿಂದ 0.20 ಸೆಕೆಂಡಿಗೆ ಹತ್ತು. ಮಂಚವನ್ನು ಗೋಡೆಯಿಂದ ಸರಿಸಿ, ಹತ್ತಿರದ ಮೊಬೈಲ್ ಚಾರ್ಜರ್ ತೆಗೆಯಿರಿ, ಅರ್ಥಿಂಗ್ ಪರೀಕ್ಷಿಸಿ. ಹಲ್ಲುಗಳು ಅಸಮವಾಗಿದ್ದರೆ ರೋಗಿ ಎಸಿಗೆ ನಡುಗುತ್ತಿರಬಹುದು, ಹೊದೆಸಿ ಎರಡು ನಿಮಿಷ ಕಾಯಿರಿ.

ಸಾಮಾನ್ಯ ಎಂದು ಬರೆದ ಮೇಲೆ

ನಮ್ಮ ಉದಾಹರಣೆಯವರ ಕಾಗದದ ಮೇಲೆ ಹೀಗೆ ಬರೆಯಬಹುದು: ನಿಮಿಷಕ್ಕೆ 75, ಸಮ ಲಯ, ಪ್ರತಿ ಕ್ಯೂಆರ್‌ಎಸ್‌ಗೆ ಮೊದಲು ಪಿ, ಪಿಆರ್ 0.16, ಕ್ಯೂಆರ್‌ಎಸ್ 0.08, ಎಸ್‌ಟಿ ಮೂಲರೇಖೆಯಲ್ಲಿ, ಟಿ ಮೇಲ್ಮುಖ, ತಿದ್ದಿದ ಕ್ಯೂಟಿ 0.40. ಎದೆನೋವಿಲ್ಲದ ಇವರಿಗೆ ಅದು ಅಲ್ಲಿಗೆ ಮುಗಿಯಿತು.

ಎದೆನೋವಿನಿಂದ ಬಂದವರಿಗೆ ಇದೇ ಇಸಿಜಿ ಬಂದಿದ್ದರೆ ಅರ್ಥ ಬೇರೆ. ಹಾಳೆಯಲ್ಲಿರುವುದು 10 ಸೆಕೆಂಡಿನ ಹೃದಯ ಮಾತ್ರ. ಹಾರ್ಟ್ ಅಟ್ಯಾಕ್‌ನ ಮೊದಲ ಹೊತ್ತಿನಲ್ಲಿ ಇಸಿಜಿ ಪೂರ್ತಿ ಸಾಮಾನ್ಯವಾಗಿರಬಹುದು. ನೋವಿರುವಾಗ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆದು ಒಂದರ ಪಕ್ಕ ಒಂದಿಟ್ಟು ನೋಡುತ್ತಾರೆ, ಟ್ರೋಪೋನಿನ್ ರಕ್ತಪರೀಕ್ಷೆ ಮಾಡುತ್ತಾರೆ. "ಇಸಿಜಿ ನಾರ್ಮಲ್ ಬಂದಿದೆ, ಗ್ಯಾಸ್ಟ್ರಿಕ್ ಇರಬೇಕು" ಎಂದು ನೋವಿರುವವರನ್ನು ಮನೆಗೆ ಕಳಿಸುವುದು ಅಪಾಯ.

ಹೋಲಿಸಿ ನೋಡಲು ಹಳೆಯ ಇಸಿಜಿಯಷ್ಟು ಉಪಯೋಗದ್ದು ಬೇರೆ ಇಲ್ಲ. ಆದರೆ ಇಸಿಜಿ ಕಾಗದ ಬಿಸಿಗೆ ಕಪ್ಪಾಗುವ ಥರ್ಮಲ್ ಕಾಗದ, ಸೆಕೆಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಗೆರೆ ಮಾಸುತ್ತದೆ. ತೆಗೆದ ದಿನವೇ ಅಂಚಿನ ಸಮೇತ ಜೆರಾಕ್ಸ್ ಮಾಡಿಸಿ, ಹೆಸರು, ದಿನಾಂಕ, ಗಂಟೆ, ಆಗ ನೋವಿತ್ತೋ ಇಲ್ಲವೋ ಎಂಬುದನ್ನು ಪೆನ್ನಿನಲ್ಲಿ ಬರೆದು ಫೈಲಿಗೆ ಹಾಕಿ.